ಇ-ರೂಪಾಯಿಗೆ ಮಿತಿ ಇರಲೇಬೇಕು, ಇಲ್ಲಾಂದ್ರೆ ಕುತ್ತು ನಮ್ಮ ಬೆಳೆ ಸಾಲಕ್ಕೆ

ಮೊನ್ನೆ ಕೊಬ್ಬರಿ ಮಾರಿ ಬರುವಾಗ ಪಕ್ಕದ ತೋಟದವರು ಅಂದ್ರು, "ಅಣ್ಣಾ, ದುಡ್ಡೆಲ್ಲಾ ಇ-ರೂಪಾಯಿಗೆ ಹಾಕ್ಬಿಡೋಣ. ಬ್ಯಾಂಕ್ ಮುಳುಗಿದ್ರೂ ಅದು ಮುಳುಗಲ್ಲ. ಸರ್ಕಾರ ಮಿತಿ ಯಾಕೆ ಇಡ್ಬೇಕು?" ಮುಳುಗಲ್ಲ ಅನ್ನೋದು ನಿಜ. ಮಿತಿ ಬೇಡ ಅನ್ನೋದನ್ನ ನಾನು ಒಪ್ಪಲ್ಲ.

ಫೋನಿನಲ್ಲಿ ಯುಪಿಐ ಮಾಡಿದ್ರೆ ನಮ್ಮ ಖಾತೆಯ ಹಣ ಅಂಗಡಿಯವರ ಖಾತೆಗೆ ಹೋಗುತ್ತೆ. ಬ್ಯಾಂಕ್ ಬದಲಾಗಬಹುದು, ಹಣ ಮಾತ್ರ ಬ್ಯಾಂಕುಗಳ ಒಳಗೇ ಇರುತ್ತೆ. ಇ-ರೂಪಾಯಿ ಹಾಗಲ್ಲ. ರಿಸರ್ವ್ ಬ್ಯಾಂಕ್ 2022ರ ಡಿಸೆಂಬರ್ 1ರಿಂದ ಜನಸಾಮಾನ್ಯರಿಗೆ ಪ್ರಯೋಗವಾಗಿ ಕೊಡ್ತಿರೋ ಇದು ನೋಟೇ, ಕಾಗದ ಇಲ್ಲ ಅಷ್ಟೆ. ನಾನು ಹತ್ತು ಸಾವಿರ ಠೇವಣಿಯನ್ನ ಇ-ರೂಪಾಯಿ ಮಾಡಿಕೊಂಡ್ರೆ, ರಿಸರ್ವ್ ಬ್ಯಾಂಕಿನಲ್ಲಿರೋ ನನ್ನ ಬ್ಯಾಂಕಿನ ಖಾತೆಯಿಂದ ಹತ್ತು ಸಾವಿರ ಕಡಿಮೆ ಆಗುತ್ತೆ.

ಒಂದು ಲೆಕ್ಕ ಹಾಕಿ. ಒಂದು ಸಣ್ಣ ಬ್ಯಾಂಕಿನಲ್ಲಿ 10 ಕೋಟಿ ಠೇವಣಿ ಇದೆ, ಅದರಲ್ಲಿ 7 ಕೋಟಿ ಸಾಲವಾಗಿ ರೈತರ ಹತ್ರ ಇದೆ ಅನ್ಕೊಳ್ಳಿ. 2 ಕೋಟಿ ಇ-ರೂಪಾಯಿಗೆ ಹೋಯ್ತು. ಕೊಟ್ಟ ಸಾಲ ಕೊಯ್ಲಿಗೆ ಮುಂಚೆ ವಾಪಸ್ ಬರಲ್ಲ. ಆಗ ಬ್ಯಾಂಕ್ ಠೇವಣಿಗೆ ಬಡ್ಡಿ ಏರಿಸ್ಬೇಕು, ಇಲ್ಲ ಬೇರೆ ಕಡೆ ಸಾಲ ತರ್ಬೇಕು, ಇಲ್ಲ ಹೊಸ ಸಾಲ ನಿಲ್ಲಿಸ್ಬೇಕು. ಮೂರರಲ್ಲಿ ಯಾವುದಾದ್ರೂ ಕೊನೆಗೆ ಪೆಟ್ಟು ಬೀಳೋದು ನಮ್ಮ ಮೇಲೆ.

ರಿಸರ್ವ್ ಬ್ಯಾಂಕೇ ಆ ಕೊರತೆ ತುಂಬಬಹುದಲ್ಲ ಅಂತೀರಿ. ತುಂಬಬಹುದು. ದೊಡ್ಡ ಬ್ಯಾಂಕುಗಳು ಸರ್ಕಾರಿ ಬಾಂಡ್ ಅಡವಿಟ್ಟು ರೆಪೋ ದರದಲ್ಲಿ ಸಾಲ ತರ್ತವೆ. ನಮ್ಮ ಹಳ್ಳಿ ಸೊಸೈಟಿಗೆ ಆ ಬಾಗಿಲು ನೇರವಾಗಿ ಇಲ್ಲ. ಜೊತೆಗೆ ಊರಿನ ಠೇವಣಿ ನೋಡಿ ಸಾಲ ಕೊಡ್ತಿದ್ದ ಬ್ಯಾಂಕ್, ಮೇಲಿಂದ ಎಷ್ಟು ಬಿಡ್ತಾರೆ ಅಂತ ಕಾಯ್ತಾ ಕೂರುತ್ತೆ. ದುಡ್ಡಿನ ಹಿಡಿತ ಇನ್ನಷ್ಟು ಒಂದೇ ಕಡೆ ಸೇರುತ್ತೆ.

ನೋಟನ್ನೂ ಹೀಗೇ ತೆಗೀಬಹುದಲ್ವಾ ಅಂದ್ರೆ, ಅದಕ್ಕೆ ಕ್ಯೂ ನಿಲ್ಬೇಕು, ಮನೇಲಿ ಇಟ್ಕೊಳ್ಳೋಕೆ ಕಳ್ಳರ ಭಯ. ಇ-ರೂಪಾಯಿಗೆ ಆ ತಡೆ ಯಾವುದೂ ಇಲ್ಲ. ಬ್ಯಾಂಕಿನ ಮೇಲೆ ಒಂದು ಸುಳ್ಳು ಸುದ್ದಿ ಎದ್ರೆ, ರಾತ್ರಿ ಮಲಗೋ ಹೊತ್ತಿಗೆ ಅರ್ಧ ಊರು ಬಟನ್ ಒತ್ತಿ ಮುಗಿಸಿರುತ್ತೆ. ಇ-ರೂಪಾಯಿಗೆ ಬಡ್ಡಿ ಇಲ್ಲ, ಅದಕ್ಕೇ ಮಾಮೂಲಿ ದಿನಗಳಲ್ಲಿ ಯಾರೂ ಠೇವಣಿ ಬಿಡಲ್ಲ. ಭಯ ಹುಟ್ಟಿದ ದಿನ ಬಡ್ಡಿಯನ್ನ ಯಾರು ನೋಡ್ತಾರೆ?

ಹಾಗಾಗಿ ಒಬ್ಬರು ಎಷ್ಟು ಇ-ರೂಪಾಯಿ ಇಟ್ಕೋಬಹುದು ಅನ್ನೋ ಮಿತಿ ಕಾನೂನಲ್ಲೇ ಇರಲಿ. ಅದಕ್ಕೆ ಬಡ್ಡಿ ಯಾವತ್ತೂ ಬೇಡ. ಪಕ್ಕದವರಿಗೂ ಹೇಳಿದೆ, ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಹಳ್ಳಿ ಸೊಸೈಟಿ ಠೇವಣಿಗೆ ಆ ವಿಮೆ ಇಲ್ಲ. ಭಯ ಇದ್ರೆ ಅದನ್ನ ಕೊಡಿ ಅಂತ ಕೇಳೋಣ. ಠೇವಣಿ ಖಾಲಿ ಮಾಡಿ ಆಮೇಲೆ ಬೆಳೆ ಸಾಲ ಸಿಗಲಿಲ್ಲ ಅಂತ ಕೌಂಟರ್ ಮುಂದೆ ನಿಂತು ಜಗಳ ಆಡೋದು ಬೇಡ.