ತಡವಾದ ತಂತ್ರಾಂಶಕ್ಕೆ ಆಳು ಹೆಚ್ಚಿಸುವುದು ಮದ್ದಲ್ಲ

ತಂತ್ರಾಂಶ ಯೋಜನೆಯೊಂದು ಗಡುವು ತಪ್ಪಿದ ಕೂಡಲೇ ಕೇಳಿಬರುವ ಮೊದಲ ಆಶ್ವಾಸನೆ ‘ಇನ್ನಷ್ಟು ಇಂಜಿನಿಯರುಗಳನ್ನು ಹಾಕುತ್ತೇವೆ’ ಎಂಬುದು. ಸಚಿವರು, ಗ್ರಾಹಕರು, ಪತ್ರಿಕೆಗಳು ಎಲ್ಲರೂ ಅದನ್ನು ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಳ್ಳಬಾರದು. ಮುಗಿಯುವ ಹಂತಕ್ಕೆ ಬಂದು ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಬಹುಪಾಲು ಇನ್ನಷ್ಟು ತಡವಾಗುತ್ತದೆ.

ಆದಾಯ ತೆರಿಗೆ ಇಲಾಖೆಯ ಹೊಸ ಪೋರ್ಟಲ್ 2021ರ ಜೂನ್‌ನಲ್ಲಿ ಶುರುವಾಗಿ ಎರಡು ತಿಂಗಳು ಕಳೆದರೂ ಸರಿಹೋಗದಿದ್ದಾಗ, ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಅದನ್ನು ರೂಪಿಸಿದ ಇನ್ಫೊಸಿಸ್‌ನ ಮುಖ್ಯಸ್ಥ ಸಲೀಲ್ ಪಾರೇಖ್ ಅವರನ್ನು ಕರೆಸಿಕೊಂಡಿದ್ದರು. ಅಂದಿನ ಸರ್ಕಾರಿ ಹೇಳಿಕೆಯಲ್ಲಿ 750ಕ್ಕೂ ಹೆಚ್ಚು ಮಂದಿ ಕೆಲಸ ಮಾಡುತ್ತಿದ್ದಾರೆ ಎಂಬ ಮಾತಿತ್ತು. ಅಲ್ಲಿನ ತೊಂದರೆಗೆ ಜನ ಹೆಚ್ಚಿದ್ದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಸಂಖ್ಯೆಯನ್ನು ನಾವು ಧೈರ್ಯ ಕೊಡುವ ಸುದ್ದಿಯೆಂದು ಓದಿದೆವಲ್ಲ, ತಕರಾರು ಅದಕ್ಕೆ. ತಲೆಗಳನ್ನು ಎಣಿಸಿದ ನಾವು ಜೋಡಿಗಳನ್ನು ಎಣಿಸಲಿಲ್ಲ.

ನಾಲ್ವರ ತಂಡದಲ್ಲಿ ಪರಸ್ಪರ ಮಾತಾಡಬೇಕಾದ ಜೋಡಿಗಳು 6. ತಂಡ ಎಂಟಾದರೆ ಜೋಡಿಗಳು 12 ಅಲ್ಲ, 28. ಆಳು ಎರಡು ಪಟ್ಟಾದರೆ ಮಾತು ನಾಲ್ಕೂವರೆ ಪಟ್ಟಿಗೂ ಹೆಚ್ಚು. ಗದ್ದೆ ನಾಟಿಗೆ ಆಳು ಹೆಚ್ಚಿದರೆ ಬೇಗ ಮುಗಿಯುತ್ತದೆ, ಏಕೆಂದರೆ ಒಬ್ಬರ ಸಾಲು ಇನ್ನೊಬ್ಬರ ಸಾಲನ್ನು ಕೇಳುವುದಿಲ್ಲ. ತಂತ್ರಾಂಶದಲ್ಲಿ ಪ್ರತಿ ಸಾಲೂ ಕೇಳುತ್ತದೆ.

ಒಂದು ಬಿಲ್ಲಿಂಗ್ ತಂತ್ರಾಂಶವನ್ನೇ ನೋಡಿ. ಮೊತ್ತವನ್ನೆಲ್ಲ ಪೈಸೆಯಲ್ಲೇ ಇಡೋಣ, ದಶಮಾಂಶದ ರಗಳೆ ಬೇಡ ಎಂದು ನಾಲ್ವರು ಹಿಂದೊಮ್ಮೆ ಕೂತು ತೀರ್ಮಾನಿಸಿರುತ್ತಾರೆ. ಎಲ್ಲೂ ಬರೆದಿಟ್ಟಿರುವುದಿಲ್ಲ, ನಾಲ್ವರಿಗೂ ಗೊತ್ತಿರುವುದರಿಂದ ಬರೆಯುವ ಅಗತ್ಯವೂ ಕಂಡಿರುವುದಿಲ್ಲ. ಹೊಸದಾಗಿ ಬಂದವರು 50000 ಎಂಬುದನ್ನು ರೂಪಾಯಿ ಎಂದುಕೊಂಡು ರಸೀದಿ ಮುದ್ರಿಸುವ ಭಾಗ ಬರೆಯುತ್ತಾರೆ. 500 ರೂಪಾಯಿಯ ಬಿಲ್ಲು 50 ಸಾವಿರದ ರಸೀದಿಯಾಗುತ್ತದೆ. ತಪ್ಪು ಕಾಣಿಸುವುದು ಪರೀಕ್ಷೆಯ ವಾರದಲ್ಲಿ. ಅದನ್ನು ಹುಡುಕಿ ಸರಿಪಡಿಸಲು ಕೂರುವವರು ಹಳಬರೇ. ಇಂಥ ಬರೆಯದ ತೀರ್ಮಾನಗಳು ಪ್ರತಿ ಯೋಜನೆಯಲ್ಲೂ ನೂರಾರು ಇರುತ್ತವೆ.

ಈಗ ಲೆಕ್ಕ ಹಾಕೋಣ. ನಾಲ್ವರಿಗೆ ಇನ್ನು ನಾಲ್ಕು ವಾರದ ಕೆಲಸ ಉಳಿದಿದೆ, ಅಂದರೆ 16 ಆಳು-ವಾರ. ಗಡುವಿಗೆ ಇರುವುದು ಮೂರೇ ವಾರ. ಮ್ಯಾನೇಜರ್ ಇನ್ನೂ ನಾಲ್ವರನ್ನು ತರುತ್ತಾರೆ. ಕಾಗದದ ಮೇಲೆ ಎರಡೇ ವಾರದಲ್ಲಿ ಕೆಲಸ ಮುಗಿಯಬೇಕು.

ಹೊಸಬರು ಕೆಲಸ ಅರಿಯಲು ಮೂರು ವಾರ ಬೇಕೆಂದು ಇಟ್ಟುಕೊಳ್ಳಿ. ಅವರಿಗೆ ಹೇಳಿಕೊಡುವುದರಲ್ಲಿ ಹಳಬರಲ್ಲಿ ಇಬ್ಬರು ಪೂರ್ತಿ ಮುಳುಗುತ್ತಾರೆ. ಹೀಗಾಗಿ ಮೂರು ವಾರದಲ್ಲಿ ಮುಗಿಯುವುದು 6 ಆಳು-ವಾರದ ಕೆಲಸ, ಉಳಿಯುವುದು 10. ಆಮೇಲೆ ಎಂಟು ಮಂದಿಯೂ ದುಡಿಯುತ್ತಾರೆ, ನಿಜ. ಆದರೆ ಪ್ರತಿ ಜೋಡಿಗೆ ವಾರಕ್ಕೆ ಒಂದು ಗಂಟೆ ಮಾತು ಎಂದರೂ, ಹಿಂದೆ ಒಬ್ಬೊಬ್ಬರಿಗೆ 3 ಗಂಟೆ ಹೋಗುತ್ತಿದ್ದದ್ದು ಈಗ 7 ಗಂಟೆ. 40 ಗಂಟೆಯ ವಾರದಲ್ಲಿ ಎಂಟು ಮಂದಿಯ ದುಡಿಮೆ ಹೆಚ್ಚುಕಡಿಮೆ ಏಳು ಮಂದಿಯಷ್ಟಕ್ಕೆ ಇಳಿಯುತ್ತದೆ. ಉಳಿದ ಕೆಲಸಕ್ಕೆ ಸುಮಾರು ಒಂದೂವರೆ ವಾರ ಬೇಕು. ಒಟ್ಟು ನಾಲ್ಕೂವರೆ ವಾರ. ಯಾರನ್ನೂ ಸೇರಿಸದಿದ್ದರೆ ನಾಲ್ಕೇ ವಾರ ಸಾಕಿತ್ತು! ಪೈಸೆ-ರೂಪಾಯಿಯಂಥ ತಪ್ಪುಗಳನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ.

ಇದು ಹೊಸ ಸಂಗತಿಯಲ್ಲ. 1960ರ ದಶಕದಲ್ಲಿ ಐಬಿಎಂ ಕಂಪನಿಯ ಓಎಸ್/360 ಯೋಜನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ತಮ್ಮ ಕೈಕೆಳಗೇ ಇದನ್ನು ಕಂಡರು. ಸಾವಿರಕ್ಕೂ ಹೆಚ್ಚು ಮಂದಿ ದುಡಿದ ಆ ಕೆಲಸ ಗಡುವಿಗೆ ಮುಗಿಯಲಿಲ್ಲ. 1975ರಲ್ಲಿ ಅವರು ಬರೆದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕವನ್ನು ಬೆಂಗಳೂರಿನ ಮ್ಯಾನೇಜರುಗಳು ಓದಿಲ್ಲವೆಂದಲ್ಲ. ಆದರೂ ಆಳು-ತಿಂಗಳ ಲೆಕ್ಕದಲ್ಲೇ ಬಿಲ್ಲು ಹೋಗುವ ಕಡೆ, ಬೆಂಚಿನಲ್ಲಿ ಕೂತವರನ್ನು ತಡವಾದ ಯೋಜನೆಗೆ ತಳ್ಳುವುದು ಸುಲಭ.

ಹಾಗಾದರೆ ಜನ ಸೇರಿಸುವುದೇ ತಪ್ಪೇ? ಅಲ್ಲ. ಅದೇ ತಂಡಕ್ಕೆ 16ರ ಬದಲು 40 ಆಳು-ವಾರದ ಕೆಲಸ ಉಳಿದಿದ್ದರೆ, ಇದೇ ಲೆಕ್ಕದಲ್ಲಿ ಹತ್ತು ವಾರದ್ದು ಎಂಟು ವಾರದೊಳಗೆ ಮುಗಿಯುತ್ತದೆ. ಹೊಸಬರು ಕಲಿತು ದುಡಿಯಲು ಮುಂದೆ ಸಮಯ ಇರಬೇಕು, ಅಷ್ಟೇ. ಗಡುವಿನ ಹೊಸ್ತಿಲಲ್ಲಿ ಉಳಿಯುವ ಪ್ರಾಮಾಣಿಕ ದಾರಿ ಎರಡೇ: ಕೆಲಸ ಕಡಿಮೆ ಮಾಡುವುದು, ಇಲ್ಲವೇ ದಿನಾಂಕ ಮುಂದೂಡುವುದು. ಮುಂದೆ ಯಾರಾದರೂ ‘ಇಷ್ಟು ಜನರನ್ನು ಹಾಕಿದ್ದೇವೆ’ ಎಂದು ಹೇಳಿಕೆ ಕೊಟ್ಟರೆ, ಆ ಹೊಸಬರಿಗೆ ಹೇಳಿಕೊಡಲು ಯಾರನ್ನು ಕೆಲಸದಿಂದ ಬಿಡಿಸಿದ್ದೀರಿ ಎಂದು ಕೇಳಿ.