ಸಾರಾಂಶದಲ್ಲಿ ಕಳೆದುಹೋದ ಒಂದು ಹಣ

ಸುರತ್ಕಲ್ಲಿನ ಕಡಲ ತಡಿಯಿಂದ ಮೂಡುಬಿದಿರೆಯ ಬಸದಿಗಳವರೆಗಿನ ನೆಲದ ಚರಿತ್ರೆಯನ್ನು ಶಾಸನಗಳ ಮೂಲಕ ಅರಿಯಬಯಸುವ ವಿದ್ಯಾರ್ಥಿಗೆ ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ಬಿ.ಎಲ್. ರೈಸರು ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನವು; ಅವುಗಳಲ್ಲಿ ಶಾಸನದ ಪಾಠದೊಡನೆ ಇಂಗ್ಲಿಷ್ ಅನುವಾದವೂ ಉಂಟು. ಕರಾವಳಿಯು ಅಂದು ಮದರಾಸು ಆಡಳಿತಕ್ಕೆ ಸೇರಿದ್ದುದರಿಂದ ಇಲ್ಲಿನ ಅನೇಕ ಶಾಸನಗಳು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಏಳನೆಯ ಸಂಪುಟದಲ್ಲಿ ಅಚ್ಚಾದವು. ಅಲ್ಲಿ ಪಾಠವುಂಟು, ಅನುವಾದವಿಲ್ಲ. ಹೀಗಾಗಿ ಸುರತ್ಕಲ್ಲಿನ ವಿದ್ಯಾರ್ಥಿ ತನ್ನ ನೆಲದ ಶಾಸನದ ಸಾರಾಂಶವನ್ನು ತಾನೇ ಬರೆದುಕೊಳ್ಳಬೇಕು. ಅದಕ್ಕೆ ಮುನ್ನ ಪಾಠವೂ ಅನುವಾದವೂ ದೊರೆಯುವ ಪ್ರಸಿದ್ಧ ಶಾಸನವೊಂದರಲ್ಲಿ ಕೈ ಪಳಗಿಸಿಕೊಳ್ಳುವುದು ಲೇಸು. ಶ್ರವಣಬೆಳಗೊಳದಲ್ಲಿರುವ, ಒಂದನೆಯ ಬುಕ್ಕರಾಯನ ಕಾಲದ ಶಾಸನ ಅದಕ್ಕೆ ತಕ್ಕುದು. ಏಕೆಂದರೆ ಅದರಷ್ಟು ಬಾರಿ ಸಾರಾಂಶಗೊಂಡ, ಅದರಷ್ಟು ಬಾರಿ ತಪ್ಪಾಗಿ ಸಾರಾಂಶಗೊಂಡ ಶಾಸನ ಕನ್ನಡದಲ್ಲಿ ವಿರಳ.

‘ಬುಕ್ಕರಾಯನು ಸರ್ವಧರ್ಮ ಸಮಾನತೆಯನ್ನು ಸಾರಿ ಜೈನರಿಗೆ ಹಕ್ಕುಗಳನ್ನು ದಯಪಾಲಿಸಿದನು’ ಎಂಬುದು ಭಾಷಣಗಳಲ್ಲಿಯೂ ಪರೀಕ್ಷೆಯ ಉತ್ತರಗಳಲ್ಲಿಯೂ ಕೇಳಿಬರುವ ಒಕ್ಕಣೆ. ಕೇಳಲು ಹಿತವಾಗಿದೆ. ಆದರೆ ಶಾಸನವನ್ನು ಪಕ್ಕದಲ್ಲಿರಿಸಿಕೊಂಡು ಓದಿದರೆ ಈ ಒಂದು ವಾಕ್ಯದಲ್ಲಿ ಶಾಸನದ ಮಾತೆಷ್ಟು, ಬರೆದವನ ಮಾತೆಷ್ಟು ಎಂಬ ಪ್ರಶ್ನೆ ಏಳುತ್ತದೆ.

ಶಾಸನವು ಹೇಳುವುದಿಷ್ಟು. ಶಕ 1290ರ ಕೀಲಕ ಸಂವತ್ಸರದ ಭಾದ್ರಪದ ಮಾಸದಲ್ಲಿ, ಅಂದರೆ ಕ್ರಿ.ಶ. 1368ರಲ್ಲಿ, ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಎಡೆಗಳ ಜೈನರು ಭಕ್ತರಿಂದ ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನಹ ಮಾಡಿದರು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರಿಂದ ಮೊದಲ್ಗೊಂಡು ತಿರುಕುಲ, ಜಾಂಬವಕುಲಗಳವರವರೆಗಿನ ಶ್ರೀವೈಷ್ಣವ ಸಮುದಾಯದ ಕೈಯಲ್ಲಿ ಅರಸನು ಜೈನರ ಕೈಯನ್ನಿರಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದನು. ಜೈನದರ್ಶನಕ್ಕೆ ಪಂಚಮಹಾವಾದ್ಯ ಮತ್ತು ಕಳಶಗಳು ಹಿಂದಿನ ಮರ್ಯಾದೆಯಂತೆಯೇ ಸಲ್ಲಬೇಕು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿವೃದ್ಧಿಯಾದರೆ ಅದನ್ನು ವೈಷ್ಣವರು ತಮ್ಮ ದರ್ಶನದ್ದೆಂದೇ ಎಣಿಸಬೇಕು. ಇದನ್ನು ಸಾರುವ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ನಿಲ್ಲಿಸಬೇಕು. ಮುಂದೆ ಹಣದ ಏರ್ಪಾಡು ಬರುತ್ತದೆ: ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡುವುದು, ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿರಿಸುವುದು, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವುದು. ಇದನ್ನು ಮೀರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ.

ಈಗ ಆ ಜನಪ್ರಿಯ ಒಕ್ಕಣೆಯನ್ನು ಇದರೊಡನೆ ತೂಗಿ ನೋಡಬಹುದು. ‘ಸರ್ವಧರ್ಮ’ ಎಂಬುದು ಶಾಸನದಲ್ಲಿಲ್ಲ. ಇರುವುದು ಎರಡು ದರ್ಶನಗಳು. ‘ದಯಪಾಲಿಸಿದನು’ ಎಂಬುದಂತೂ ಶಾಸನದ ಅರ್ಥವನ್ನೇ ತಿರುಗಿಸುತ್ತದೆ. ವಾದ್ಯವೂ ಕಳಶವೂ ಹಿಂದಿನಿಂದ ಇದ್ದ ಮರ್ಯಾದೆಯೆಂದು ಶಾಸನವೇ ಹೇಳುತ್ತಿದೆ. ಇದ್ದುದನ್ನು ಎತ್ತಿಹಿಡಿಯುವುದು ಬೇರೆ, ಇಲ್ಲದುದನ್ನು ಕೊಡುವುದು ಬೇರೆ. ಕೊಟ್ಟದ್ದೆಂದು ಬರೆದ ಕ್ಷಣದಲ್ಲೇ 1368ಕ್ಕೆ ಮುನ್ನ ಜೈನರಿಗೆ ಆ ಹಕ್ಕಿರಲಿಲ್ಲವೆಂಬ ಸುಳ್ಳೊಂದು ಸದ್ದಿಲ್ಲದೆ ಚರಿತ್ರೆಯೊಳಗೆ ಸೇರಿಕೊಳ್ಳುತ್ತದೆ. ಹಣದ ಮಾತಂತೂ ಇಡಿಯಾಗಿ ಬಿಟ್ಟುಹೋಗಿದೆ. ಶಾಸನದ ಗಣನೀಯ ಭಾಗವೊಂದನ್ನು ಬಿಟ್ಟ ಸಾರಾಂಶವು ಚಿಕ್ಕದಾಗಿರಬಹುದು, ಸಾರಾಂಶವಾಗಲಾರದು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಬಗೆಯ ಒಕ್ಕಣೆಯೂ ಹುಟ್ಟಬಲ್ಲದು: ‘ಜೈನರು ತಮ್ಮ ರಕ್ಷಣೆಗಾಗಿ ವೈಷ್ಣವರಿಗೆ ಕಪ್ಪ ತೆರಬೇಕಾಯಿತು’ ಎಂದು. ಮೊದಲನೆಯದು ಹಣವನ್ನು ಮರೆತರೆ ಇದು ಹಣವನ್ನಷ್ಟೇ ಕಾಣುತ್ತದೆ. ಹಣವನ್ನು ವಿನಿಯೋಗಿಸುವ ಹೊಣೆ ತಿರುಮಲೆಯ ತಾತಯ್ಯನದು, ನಿಜ. ಆದರೆ ಅದು ವ್ಯಯವಾಗಬೇಕಾದುದು ಬೆಳಗೊಳದ ಕಾವಲಿಗೆ ಮತ್ತು ಜಿನಾಲಯಗಳ ಸುಣ್ಣಕ್ಕೆ. ‘ಕಪ್ಪ’ ಎಂಬ ಪದದೊಳಗೆ ಬರೆದವನ ತೀರ್ಪು ಅಡಗಿ ಕುಳಿತಿದೆ. ಆ ಏರ್ಪಾಡು ಜೈನರಿಗೆ ಗೌರವದ್ದೋ ಅವಮಾನದ್ದೋ ಎಂದು ವಿಮರ್ಶಿಸುವ ಅಧಿಕಾರ ಓದುಗನಿಗೆ ಉಂಟು; ಆದರೆ ಆ ವಿಮರ್ಶೆಯು ಬೇರೊಂದು ಕಂಡಿಕೆಯಲ್ಲಿ, ಬರೆದವನ ಹೊಣೆಯಲ್ಲಿ ಬರಬೇಕು. ಸಾರಾಂಶದ ಕ್ರಿಯಾಪದಗಳಿಗೂ ವಿಶೇಷಣಗಳಿಗೂ ಅದನ್ನು ಕಟ್ಟಿ ಕಳುಹಿಸಬಾರದು. ಅಭಿಪ್ರಾಯವು ನುಸುಳುವುದು ದೊಡ್ಡ ವಾಕ್ಯಗಳ ಮೂಲಕವಲ್ಲ, ಇಂಥ ಒಂದೊಂದು ಪದದ ಮೂಲಕ. ಆದುದರಿಂದ ಬರೆದು ಮುಗಿಸಿದ ಮೇಲೆ ಒಂದೊಂದು ಕ್ರಿಯಾಪದಕ್ಕೂ ಮೂಲದ ಯಾವ ಸಾಲು ಆಧಾರವೆಂದು ಬೆರಳಿಟ್ಟು ನೋಡುವುದಕ್ಕಿಂತ ನಿಚ್ಚಳವಾದ ಪರೀಕ್ಷೆ ಬೇರೆಯಿಲ್ಲ. ‘ದಯಪಾಲಿಸಿದನು’ ಆ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಇನ್ನು ಶಾಸನವು ಹೇಳದೆ ಬಿಟ್ಟದ್ದು. ಜೈನರಿಗಾದ ಅನ್ಯಾಯ ಯಾವುದೆಂದು ಅದು ವಿವರಿಸುವುದಿಲ್ಲ. ತೀರ್ಪಿನಲ್ಲಿ ವಾದ್ಯ ಕಳಶಗಳ ಹೆಸರು ಬಂದಿರುವುದರಿಂದ ಜಗಳ ಅವುಗಳದೇ ಎಂದು ಊಹಿಸುವುದು ಸಹಜ, ಬಹುಶಃ ಸರಿಯೂ ಇರಬಹುದು. ಆದರೂ ಅದು ಊಹೆ. ‘ವಾದ್ಯ ಕಳಶಗಳ ವಿಷಯದಲ್ಲಿ ವಿವಾದವಾಯಿತು’ ಎಂದು ಬರೆಯುವುದಕ್ಕೂ ‘ವಿವಾದದ ಕಾರಣವನ್ನು ಶಾಸನವು ಹೇಳುವುದಿಲ್ಲ, ತೀರ್ಪಿನಿಂದ ವಾದ್ಯ ಕಳಶಗಳು ಕಾರಣವಾಗಿರಬಹುದೆಂದು ತೋರುತ್ತದೆ’ ಎಂದು ಬರೆಯುವುದಕ್ಕೂ ಇರುವ ಅಂತರ ಕೆಲವೇ ಪದಗಳದು. ಆ ಕೆಲವು ಪದಗಳನ್ನು ಉಳಿಸಲು ಹೋಗಿ ಎಷ್ಟೋ ಊಹೆಗಳು ಎರಡನೆಯ ತಲೆಮಾರಿನ ಪುಸ್ತಕಗಳಲ್ಲಿ ಸಂಗತಿಗಳಾಗಿ ಬಡ್ತಿ ಪಡೆದಿವೆ. ಹಾಗೆಯೇ ಆಜ್ಞೆಗೂ ಆಚರಣೆಗೂ ಅಂತರವಿದೆ. ಎಲ್ಲ ಬಸದಿಗಳಲ್ಲಿ ಶಾಸನ ನಿಲ್ಲಿಸಬೇಕೆಂಬುದು ಆಜ್ಞೆ. ಇದೇ ವಿಷಯದ ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇರುವುದರಿಂದ ಅದು ಬೆಳಗೊಳದ ಹೊರಗೂ ನಿಂತಿತ್ತೆಂದು ಹೇಳಬಹುದು. ‘ಎಲ್ಲ ಬಸದಿಗಳಲ್ಲಿ ನಿಲ್ಲಿಸಲಾಯಿತು’ ಎನ್ನಲು ಬೆಳಗೊಳದ ಕಲ್ಲು ಸಾಕ್ಷಿಯಾಗದು.

ಬಿಡಬಾರದ ಇನ್ನೆರಡು ಸಂಗತಿಗಳಿವೆ. ಈ ಸೌಹಾರ್ದದ ಶಾಸನದ ಆರಂಭದಲ್ಲಿರುವುದು ರಾಮಾನುಜರ ಸ್ತುತಿ. ಅದು ಅವರನ್ನು ಪಾಷಂಡರೆಂಬ ಕಡಲಿಗೆ ಬಡಬಾಗ್ನಿ ಎಂದು ಹೊಗಳುತ್ತದೆ. ಅದನ್ನು ಆರಿಸಿದವರಾರು, ಬೆಳಗೊಳದ ಶ್ರಾವಕರು ಅದನ್ನು ಹೇಗೆ ಓದಿಕೊಂಡರು ಎಂಬುದಕ್ಕೆ ಶಾಸನದಲ್ಲಿ ಉತ್ತರವಿಲ್ಲ. ಮುಜುಗರವಾಗುತ್ತದೆಂದು ಸಾರಾಂಶಕಾರನು ಅದನ್ನು ಮರೆಮಾಡುವಂತಿಲ್ಲ. ಅದೊಂದೇ ಶ್ಲೋಕದಿಂದ ಇಡೀ ತೀರ್ಪನ್ನು ಕಪಟವೆನ್ನುವಂತೆಯೂ ಇಲ್ಲ. ಇದೆಯೆಂದು ಹೇಳಿ ಮುಂದೆ ಸಾಗಬೇಕು. ಎರಡನೆಯದು, ಮುಖ್ಯ ತೀರ್ಪಿನೊಡನೆ ಸೇರಿರುವ ಬೇರೊಂದು ಬರಹ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಸಿ, ಜೀರ್ಣೋದ್ಧಾರ ಮಾಡಿಸಿದನೆಂದೂ ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರೆಂದೂ ಅದು ತಿಳಿಸುತ್ತದೆ. ಪಟ್ಟ ಕಟ್ಟಿದವರು ಎರಡು ಸಮಯದವರು, ಅರಸನಲ್ಲ. ಇದನ್ನು ತೀರ್ಪಿನೊಳಗೆ ಬೆರೆಸಿದರೆ ಸಮುದಾಯಗಳು ಮಾಡಿದ ಕೆಲಸವು ರಾಜನ ಖಾತೆಗೆ ಜಮೆಯಾಗುತ್ತದೆ.

ಇಪ್ಪತ್ತು ಆಳುಗಳ ಸಂಖ್ಯೆಯನ್ನು ಶಾಸನ ಕೊಟ್ಟಿದೆ. ಶಾಸನ ಹೇಳದುದನ್ನು ಸಾರಾಂಶವೂ ಹೇಳಬೇಕಾಗಿಲ್ಲ.