ಅಂಕಿ ಎಲ್ಲಿ ಹೋಯಿತು?

ಇಳಕಲ್ಲಿನ ಸೀರೆ ಅಂಗಡಿಯೊಂದರ ಲೆಕ್ಕ ಎಕ್ಸೆಲ್‌ನಲ್ಲಿದೆ ಎಂದುಕೊಳ್ಳಿ. ನೇಕಾರರಿಗೆ ನೂಲು ಕೊಟ್ಟ ತಾರೀಖು 20-06-2024. ಎಲ್ಲವೂ ಒಂದೇ ಹಾಳೆಯಲ್ಲಿ ಮುದ್ರಣವಾಗಲೆಂದು ಕಾಲಂ ಕಿರಿದು ಮಾಡಿದೊಡನೆ ತಾರೀಖಿನ ಜಾಗದಲ್ಲಿ ###### ಕಾಣುತ್ತದೆ. ಮುದ್ರಿಸಿದರೆ ಕಾಗದದ ಮೇಲೂ ಅದೇ ಬರುತ್ತದೆ.

ತಾರೀಖು ಅಳಿಸಿಹೋಗಿಲ್ಲ. ಆ ಮನೆಯನ್ನು ಕ್ಲಿಕ್ ಮಾಡಿದರೆ ಮೇಲಿನ ಫಾರ್ಮುಲಾ ಪಟ್ಟಿಯಲ್ಲಿ ಅದು ಪೂರ್ತಿ ಕಾಣುತ್ತದೆ. ಉದ್ದನೆಯ ಹೆಸರಾದರೆ ಪಕ್ಕದ ಖಾಲಿ ಮನೆಗೆ ಚಾಚಿಕೊಳ್ಳುತ್ತದೆ. ಆ ಮನೆ ತುಂಬಿದ್ದರೆ ಹೆಸರಿನ ತುದಿ ಮರೆಯಾಗುತ್ತದೆ. ಅಂಕಿಗೆ ಹೀಗಾಗಬಾರದು. 12500 ರೂಪಾಯಿಯ ಕೊನೆಯ ಸೊನ್ನೆ ಮರೆಯಾದರೆ ಓದುವವರು 1250 ಎಂದೇ ನಂಬುತ್ತಾರೆ. ಅರ್ಧ ಅಂಕಿ ತೋರಿಸಿ ಮೋಸಗೊಳಿಸುವ ಬದಲು ಎಕ್ಸೆಲ್ ಮನೆಯ ತುಂಬ ಹ್ಯಾಶ್ ಗುರುತು ಹಾಕುತ್ತದೆ.

ಪರಿಹಾರ ಸುಲಭ. ಕಾಲಂನ ತಲೆಯ ಮೇಲಿರುವ ಅಕ್ಷರದ ಬಲಗಡೆಯ ಗೆರೆಯ ಮೇಲೆ ಎರಡು ಸಲ ಬೇಗ ಕ್ಲಿಕ್ ಮಾಡಿದರೆ ಬೇಕಾದಷ್ಟೇ ಅಗಲವಾಗುತ್ತದೆ.

ಎಷ್ಟು ಅಗಲ ಮಾಡಿದರೂ ಗುರುತು ಹೋಗದಿದ್ದರೆ ಕಾರಣ ಬೇರೆ. ಸೀರೆ ಬಂದ ತಾರೀಖನ್ನು 05-07-2024ರ ಬದಲು 05-06-2024 ಎಂದು ಬರೆದು, ಅದರಿಂದ ಕೊಟ್ಟ ತಾರೀಖನ್ನು ಕಳೆದರೆ ಉತ್ತರ -15. ಉತ್ತರದ ಮನೆ ತಾರೀಖಿನ ರೂಪದಲ್ಲಿದ್ದರೆ, ಋಣ ತಾರೀಖು ಎಂಬುದು ಎಕ್ಸೆಲ್‌ಗೆ ಸಾಮಾನ್ಯವಾಗಿ ಇಲ್ಲದ್ದರಿಂದ, ಮತ್ತೆ ಹ್ಯಾಶ್ ಸಾಲು. ಆಗ ಅಗಲಿಸಬೇಕಾದದ್ದು ಕಾಲಂ ಅಲ್ಲ, ತಿದ್ದಬೇಕಾದದ್ದು ತಿಂಗಳು.